ಸ್ಥಿತಪ್ರಜ್ಞನ ಶ್ಲೋಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ನಾವು ಕೆಲವರು ವಾರಕ್ಕೊಮ್ಮೆ ಸೇರಿ ಗೀತೆ ಓದುತ್ತೇವೆ. ತೋಟ ಇರುವವರು, ನಿವೃತ್ತ ಮೇಷ್ಟ್ರುಗಳು, ಕಾಲೇಜಿಗೆ ಹೋಗುವ ಮಕ್ಕಳು, ಎಲ್ಲರೂ ಬರುತ್ತಾರೆ. ಎರಡನೇ ಅಧ್ಯಾಯದ ಕೊನೆಗೆ ಬಂದಾಗ ಓದು ನಿಧಾನವಾಗುತ್ತದೆ, ಪ್ರಶ್ನೆಗಳು ಜಾಸ್ತಿಯಾಗುತ್ತವೆ. ಹೊಸದಾಗಿ ಬರುವವರೂ ಹೆಚ್ಚು ಕಡಿಮೆ ಅವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಅವನ್ನು ಉತ್ತರದ ಜೊತೆ ಇಲ್ಲಿ ಬರೆದಿದ್ದೇನೆ.

ಈ ಶ್ಲೋಕಗಳು ಎಲ್ಲಿಂದ ಎಲ್ಲಿಯವರೆಗೆ?

ಎರಡನೇ ಅಧ್ಯಾಯದ 54ರಿಂದ 72ರವರೆಗೆ, ಒಟ್ಟು 19 ಶ್ಲೋಕ. ಮೊದಲನೆಯದು ಅರ್ಜುನನ ಪ್ರಶ್ನೆ. ಉಳಿದ 18 ಕೃಷ್ಣನ ಉತ್ತರ. ಗಾಂಧೀಜಿಯವರ ಆಶ್ರಮದಲ್ಲಿ ಸಂಜೆಯ ಪ್ರಾರ್ಥನೆಗೆ ಹೇಳುತ್ತಿದ್ದದ್ದು ಇವೇ ಶ್ಲೋಕಗಳನ್ನು. ಹಾಗಾಗಿ ಗೀತೆ ಪೂರ್ತಿ ಓದದ ಹಿರಿಯರಲ್ಲೂ ಕೆಲವರಿಗೆ ಇವು ಬಾಯಿಗೆ ಬರುತ್ತವೆ.

ಅರ್ಜುನ ಕೇಳಿದ್ದಾದರೂ ಏನು?

ಅದರ ಹಿಂದಿನ ಶ್ಲೋಕದಿಂದ ಶುರು ಮಾಡಬೇಕು. 53ರಲ್ಲಿ ಕೃಷ್ಣ ಹೇಳುತ್ತಾನೆ: ನಾನಾ ಮಾತು ಕೇಳಿ ಗೊಂದಲಕ್ಕೆ ಬಿದ್ದ ನಿನ್ನ ಬುದ್ಧಿ ಅಲ್ಲಾಡದೆ ಸಮಾಧಿಯಲ್ಲಿ ನಿಂತಾಗ ನಿನಗೆ ಯೋಗ ಸಿಗುತ್ತದೆ. ಅರ್ಜುನ ಆ 'ನಿಂತ ಬುದ್ಧಿ'ಯನ್ನೇ ಹಿಡಿದುಕೊಳ್ಳುತ್ತಾನೆ.

ಸ್ಥಿತಪ್ರಜ್ಞಸ್ಯ ಕಾ ಭಾಷಾ ಸಮಾಧಿಸ್ಥಸ್ಯ ಕೇಶವ ।
ಸ್ಥಿತಧೀಃ ಕಿಂ ಪ್ರಭಾಷೇತ ಕಿಮಾಸೀತ ವ್ರಜೇತ ಕಿಮ್ ॥

ಅಂಥವನ ಗುರುತು ಏನು? ಅವನು ಹೇಗೆ ಮಾತಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ? ಇಲ್ಲಿ 'ಭಾಷಾ' ಅಂದರೆ ಕನ್ನಡ, ತೆಲುಗು ಅನ್ನುವ ಅರ್ಥದ ಭಾಷೆ ಅಲ್ಲ. ಯಾವ ಮಾತಿನಿಂದ ಅವನನ್ನು ವರ್ಣಿಸುತ್ತಾರೋ ಅದು, ಅಂದರೆ ಲಕ್ಷಣ.

ಪ್ರಶ್ನೆ ತುಂಬ ನೇರವಾಗಿದೆ. ಯುದ್ಧಕ್ಕೆ ನಿಂತವನು ಕಣ್ಣಿಗೆ ಕಾಣುವ ಗುರುತು ಕೇಳುತ್ತಿದ್ದಾನೆ. ಕೃಷ್ಣನ ಉತ್ತರ ಮಾತ್ರ ಒಳಗಿನಿಂದ ಶುರುವಾಗುತ್ತದೆ. ಮನಸ್ಸಿನೊಳಗೆ ಹೊಕ್ಕ ಬಯಕೆಗಳನ್ನೆಲ್ಲ ಬಿಟ್ಟು, ತನ್ನಲ್ಲೇ ತಾನು ತೃಪ್ತನಾದಾಗ ಅವನು ಸ್ಥಿತಪ್ರಜ್ಞ (55). ಮಾತಿನ ಧಾಟಿ, ಕೂರುವ ಭಂಗಿ, ಬಟ್ಟೆಯ ಬಣ್ಣ, ಇದರ ಸುದ್ದಿಯೇ ಇಲ್ಲ. 18 ಶ್ಲೋಕ ಹುಡುಕಿದರೂ ಹೊರಗಿನ ವೇಷದ ಒಂದು ಗುರುತೂ ಸಿಗುವುದಿಲ್ಲ. ಹಾಗಾಗಿ ಇವರು ಸ್ಥಿತಪ್ರಜ್ಞರು, ಅವರಲ್ಲ ಅಂತ ಬೇರೆಯವರನ್ನು ಅಳೆಯಲು ಈ ಶ್ಲೋಕಗಳು ಬರುವುದಿಲ್ಲ ಎಂದೇ ನನ್ನ ಅನಿಸಿಕೆ.

ಹಾಗಾದರೆ ಇದು ಯಾವುದೋ ಮಹಾತ್ಮರ ವರ್ಣನೆ. ನಮಗೇನು ಉಪಯೋಗ?

ಇದಕ್ಕೆ ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಮೊದಲೇ ಉತ್ತರ ಕೊಟ್ಟಿದ್ದಾರೆ. ಅಧ್ಯಾತ್ಮ ಶಾಸ್ತ್ರದಲ್ಲಿ ಎಲ್ಲ ಕಡೆಯೂ ಗುರಿ ಮುಟ್ಟಿದವನ ಲಕ್ಷಣಗಳನ್ನೇ ಸಾಧಕನಿಗೆ ಸಾಧನೆಯಾಗಿ ಹೇಳುತ್ತಾರೆ, ಯಾಕೆಂದರೆ ಅವು ಪ್ರಯತ್ನದಿಂದ ಬರುವಂಥವು. ಇದು ಅವರ ಮಾತಿನ ಸಾರ. ಗುರಿ ಮುಟ್ಟಿದವನಲ್ಲಿ ಯಾವುದು ತಾನಾಗಿ ಇರುತ್ತದೋ, ಅದನ್ನೇ ಹೊರಟವನು ಕಷ್ಟಪಟ್ಟು ಅಭ್ಯಾಸ ಮಾಡಬೇಕು. 'ದುಃಖದಲ್ಲಿ ಕಂಗೆಡುವುದಿಲ್ಲ' ಎನ್ನುವ ಸಾಲನ್ನು ವರ್ಣನೆಯಾಗಿಯೂ ಓದಬಹುದು, ಇವತ್ತಿನ ಪಾಠವಾಗಿಯೂ ಓದಬಹುದು.

ರಾಮಾನುಜಾಚಾರ್ಯರು ಇದನ್ನು ಇನ್ನೊಂದು ರೀತಿ ಬಿಡಿಸುತ್ತಾರೆ. 55ರಿಂದ 58ರವರೆಗಿನ ನಾಲ್ಕು ಶ್ಲೋಕ ಅವರಿಗೆ ನಾಲ್ಕು ಮೆಟ್ಟಿಲು. 55 ಎಲ್ಲಕ್ಕಿಂತ ಮೇಲಿನದು, 58 ಕೆಳಗಿನದು. ಅಂದರೆ ಕೃಷ್ಣ ತುದಿಯಿಂದ ಶುರುಮಾಡಿ ನಾವಿರುವ ಕಡೆಗೆ ಇಳಿದು ಬರುತ್ತಾನೆ. ಹತ್ತುವವರು ಶುರು ಮಾಡಬೇಕಾದ್ದು 58ರಿಂದ, ಅಂದರೆ ಆಮೆ ಅಂಗಗಳನ್ನು ಒಳಗೆ ಎಳೆದುಕೊಳ್ಳುವ ಹಾಗೆ ಇಂದ್ರಿಯಗಳನ್ನು ವಿಷಯಗಳಿಂದ ಹಿಂದಕ್ಕೆ ತರುವ ಅಭ್ಯಾಸದಿಂದ. ಮೊದಲ ಓದಿಗೇ 55 ನೋಡಿ 'ಇದು ನಮ್ಮಿಂದಾಗದು' ಅಂತ ಪುಸ್ತಕ ಮುಚ್ಚುವವರಿಗೆ ನಾನು ಈ ಮಾತನ್ನೇ ಹೇಳುವುದು.

'ವಿಷಯ' ಅಂದರೆ ಏನು? ಸುದ್ದಿ, ಸಮಾಚಾರವೇ?

ಅಲ್ಲ. ಕಣ್ಣಿಗೆ ರೂಪ, ಕಿವಿಗೆ ಶಬ್ದ, ನಾಲಿಗೆಗೆ ರುಚಿ, ಮೂಗಿಗೆ ವಾಸನೆ, ಚರ್ಮಕ್ಕೆ ಸ್ಪರ್ಶ. ಇಂದ್ರಿಯ ಹೋಗಿ ಮುಟ್ಟುವ ವಸ್ತುವೇ ವಿಷಯ.

ನಮ್ಮ ಯಜಮಾನರು ಸಕ್ಕರೆ ಕಾಯಿಲೆ ಬಂದ ಮೇಲೆ ಸಿಹಿ ಬಿಟ್ಟಿದ್ದಾರೆ. ಮದುವೆ ಮನೆಯಲ್ಲಿ ಹೋಳಿಗೆ ಕಂಡರೆ ಈಗಲೂ ಕಣ್ಣು ಅಲ್ಲೇ. ಇದು ನಿಗ್ರಹ ಆಯಿತಾ?

ಈ ಪ್ರಶ್ನೆ ಕೇಳಿದ ಅಮ್ಮನವರಿಗೆ ನಾನು ನಿಜವಾಗಿ ಕೃತಜ್ಞ. 59ನೇ ಶ್ಲೋಕ ಇದನ್ನೇ ಹೇಳುತ್ತದೆ. ಇಡೀ ಭಾಗದ ಕೀಲಿ ಇದೇ ಎಂದು ನನಗೆ ಅನಿಸುತ್ತದೆ.

ವಿಷಯಾ ವಿನಿವರ್ತಂತೇ ನಿರಾಹಾರಸ್ಯ ದೇಹಿನಃ ।
ರಸವರ್ಜಂ ರಸೋಽಪ್ಯಸ್ಯ ಪರಂ ದೃಷ್ಟ್ವಾ ನಿವರ್ತತೇ ॥

ತಿನ್ನದೆ ಇರುವವನಿಂದ ವಿಷಯಗಳು ದೂರ ಹೋಗುತ್ತವೆ, ಆದರೆ ರಸ ಒಂದು ಉಳಿದುಬಿಡುತ್ತದೆ. ಪರಮವಾದದ್ದನ್ನು ಕಂಡಾಗ ಆ ರಸವೂ ಹೋಗುತ್ತದೆ. 'ನಿರಾಹಾರ' ಎಂದರೆ ಇಲ್ಲಿ ಊಟ ಬಿಟ್ಟವನು ಅಂತ ಮಾತ್ರ ಅಲ್ಲ, ಇಂದ್ರಿಯಗಳಿಗೆ ಅವುಗಳ ಮೇವನ್ನು ಕೊಡದೆ ಕಠಿಣವಾಗಿ ಇರುವವನು. 'ರಸ' ಎಂದರೆ ರಾಗ, ಒಳಗಿನ ಸೆಳೆತ ಎಂದು ಶಂಕರರು ಬಿಡಿಸುತ್ತಾರೆ.

ನಿಮ್ಮ ಯಜಮಾನರ ತಟ್ಟೆಯಿಂದ ಹೋಳಿಗೆ ಹೋಯಿತು. ಹೋಳಿಗೆಯ ರಸ ಹೋಗಲಿಲ್ಲ. ಇಲ್ಲಿ ಎರಡು ತಪ್ಪು ಆಗಬಹುದು. ಒಂದು, ತಟ್ಟೆ ಖಾಲಿಯಾದದ್ದೇ ಗೆಲುವು ಅಂದುಕೊಳ್ಳುವುದು. ಉಪವಾಸ ಮಾಡಿ, ಅದೇ ದಿನ ಮನೆಯವರ ಮೇಲೆಲ್ಲ ರೇಗುವವರನ್ನು ನಾವು ನೋಡಿದ್ದೇವೆ, ಅಲ್ವಾ? ಹೊಟ್ಟೆ ಖಾಲಿ ಇದೆ, ರಸ ಹಾಗೇ ಇದೆ. ಇನ್ನೊಂದು, ರಸ ಹೋಗಿಲ್ಲವಲ್ಲ, ಹಾಗಾದರೆ ಬಿಟ್ಟದ್ದೇ ವ್ಯರ್ಥ ಅಂದುಕೊಳ್ಳುವುದು. ಕೃಷ್ಣ ಹಾಗೆ ಹೇಳಿಲ್ಲ. ಬಿಟ್ಟದ್ದರಿಂದ ವಿಷಯ ದೂರವಾಯಿತು ಎಂದು ಒಪ್ಪುತ್ತಾನೆ. ಕೆಲಸ ಅರ್ಧ ಆಗಿದೆ, ಅಷ್ಟೇ. ಸಿಹಿ ಬಿಟ್ಟದ್ದು ಸರಿಯೇ, ಮುಂದುವರಿಸಲಿ.

ಉಳಿದರ್ಧ ಬಲವಂತದಿಂದ ಆಗುವುದಿಲ್ಲ. 'ಪರಂ ದೃಷ್ಟ್ವಾ' ಎಂದರೆ ದೊಡ್ಡದನ್ನು ಕಂಡು. ಅದನ್ನು ಕಂಡವನಿಗೆ ಚಿಕ್ಕದರ ಸೆಳೆತ ತಾನಾಗಿ ಬಿಡುತ್ತದೆ.

ದೊಡ್ಡದನ್ನು ಕಂಡ ಮೇಲೆ ಸೆಳೆತ ಬಿಡುತ್ತದೆ. ಸೆಳೆತ ಬಿಡದೆ ದೊಡ್ಡದು ಕಾಣುವುದಿಲ್ಲ. ಇದು ಸುತ್ತಿ ಸುತ್ತಿ ಅಲ್ಲಿಗೇ ಬಂತಲ್ಲ?

ಕಾಲೇಜು ಹುಡುಗನೊಬ್ಬ ಕೇಳಿದ್ದು. ಇದೇ ಸಿಕ್ಕನ್ನು ರಾಮಾನುಜರೂ ಎತ್ತುತ್ತಾರೆ. ಇಂದ್ರಿಯ ಗೆಲ್ಲಲು ಆತ್ಮದರ್ಶನ ಬೇಕು, ಆತ್ಮದರ್ಶನಕ್ಕೆ ಇಂದ್ರಿಯ ಗೆದ್ದಿರಬೇಕು. ಬಿಡಿಸುವ ದಾರಿ 61ರ 'ಮತ್ಪರಃ' ಎಂಬ ಪದದಲ್ಲಿದೆ: ನನ್ನನ್ನೇ ಗುರಿಯಾಗಿ ಇಟ್ಟುಕೊಂಡವನು. ಮನಸ್ಸನ್ನು ಮೊದಲು ಭಗವಂತನಲ್ಲಿ ಇಡು, ಅದರ ಬಲದಿಂದ ಇಂದ್ರಿಯಗಳು ಹತೋಟಿಗೆ ಬರುತ್ತವೆ ಎಂದು ಅವರ ಉತ್ತರ.

ಇದು ಯಾಕೆ ಬೇಕಾಯಿತು ಎಂದು 60ರಲ್ಲೇ ಇದೆ. ವಿವೇಕ ಇದ್ದು, ಪ್ರಯತ್ನವನ್ನೂ ಮಾಡುತ್ತಿರುವವನ ಮನಸ್ಸನ್ನು ಕೂಡ ಇಂದ್ರಿಯಗಳು ಬಲವಂತವಾಗಿ ಎಳೆದುಕೊಂಡು ಹೋಗುತ್ತವೆ. ಕೃಷ್ಣ ಇಲ್ಲಿ ಸೋಮಾರಿಯ ಬಗ್ಗೆ ಹೇಳುತ್ತಿಲ್ಲ. ತಿಳಿದವನ ಬಗ್ಗೆ, ಹೆಣಗುತ್ತಿರುವವನ ಬಗ್ಗೆ ಹೇಳುತ್ತಿದ್ದಾನೆ. ತನ್ನ ಬಲವೊಂದನ್ನೇ ನೆಚ್ಚಿಕೊಂಡರೆ ಸಾಲದು ಅನ್ನುವುದು ಇದರಿಂದ ಗೊತ್ತಾಗುತ್ತದೆ.

62 ಮತ್ತು 63 ಬಾಯಿಪಾಠ ಆಗಿದೆ. ಆದರೆ ಆ ಮೆಟ್ಟಿಲುಗಳ ನಡುವಿನ ವ್ಯತ್ಯಾಸ ಗೊತ್ತಾಗುತ್ತಿಲ್ಲ.

ಮೊದಲು ಶ್ಲೋಕ ನೋಡೋಣ.

ಧ್ಯಾಯತೋ ವಿಷಯಾನ್ ಪುಂಸಃ ಸಂಗಸ್ತೇಷೂಪಜಾಯತೇ ।
ಸಂಗಾತ್ ಸಂಜಾಯತೇ ಕಾಮಃ ಕಾಮಾತ್ ಕ್ರೋಧೋಽಭಿಜಾಯತೇ ॥
ಕ್ರೋಧಾದ್ಭವತಿ ಸಮ್ಮೋಹಃ ಸಮ್ಮೋಹಾತ್ ಸ್ಮೃತಿವಿಭ್ರಮಃ ।
ಸ್ಮೃತಿಭ್ರಂಶಾದ್ ಬುದ್ಧಿನಾಶೋ ಬುದ್ಧಿನಾಶಾತ್ ಪ್ರಣಶ್ಯತಿ ॥

ನಮ್ಮ ಕಡೆಯ ಒಂದು ಸಂದರ್ಭ ಇಟ್ಟುಕೊಂಡು ಇಳಿದು ನೋಡೋಣ. ತೀರ್ಥಹಳ್ಳಿ ಕಡೆಯ ಒಂದು ಮನೆ ಅಂದುಕೊಳ್ಳಿ. ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ತೋಟ ನೋಡಿಕೊಳ್ಳುತ್ತಾರೆ. ಈ ವರ್ಷದ ಅಡಿಕೆ ಕೊಟ್ಟುಬಿಡೋಣ ಅಂದಿದ್ದು ಅಣ್ಣ. ರಾಶಿ ಅಡಿಕೆ ಮಂಡಿಗೆ ಹೋಯಿತು, ದುಡ್ಡೂ ಬಂತು. ಸ್ವಲ್ಪ ದಿನದಲ್ಲೇ ಧಾರಣೆ ಏರಿತು.

ತಮ್ಮ ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಧಾರಣೆ ನೋಡುತ್ತಾನೆ. ಮಾರಿ ಆಗಿದೆ, ನೋಡಿ ಮಾಡುವುದು ಏನೂ ಇಲ್ಲ. ಆದರೂ ನೋಡುತ್ತಾನೆ, ಮಧ್ಯಾಹ್ನ ಇನ್ನೊಮ್ಮೆ ನೋಡುತ್ತಾನೆ, ಲೆಕ್ಕ ಹಾಕುತ್ತಾನೆ. ಇದೇ ಧ್ಯಾನ. ದೇವರ ಮುಂದೆ ಕೂತು ಮಾಡುವುದಕ್ಕೂ ಇದಕ್ಕೂ ಗೀತೆ ಬಳಸುವ ಕ್ರಿಯೆ ಒಂದೇ. ಮನಸ್ಸು ಒಂದನ್ನೇ ಮತ್ತೆ ಮತ್ತೆ ಮುಟ್ಟುತ್ತಿದೆ. ಮುಟ್ಟಿದ ವಸ್ತು ಮಾತ್ರ ಬೇರೆ.

ಎರಡನೆಯದು ಸಂಗ. ಆ ಸಂಖ್ಯೆ ಈಗ ಅವನಿಗೆ ಅಂಟಿಕೊಂಡಿದೆ. ಬೇರೆಯವರಿಗೆ ಅದು ಸುಮ್ನೆ ಒಂದು ಧಾರಣೆ. ಅವನಿಗೆ 'ನನ್ನದಾಗಬೇಕಿದ್ದ' ದುಡ್ಡು. ಇನ್ನೂ ಏನನ್ನೂ ಬಯಸಿಲ್ಲ, ಅಂಟು ಮಾತ್ರ ಬಂದಿದೆ. ಮೂರನೆಯದು ಕಾಮ. ಈಗ ಅದು ಬೇಕೇ ಬೇಕು. ಹೊಸ ಗಾಡಿಯೋ ಮನೆಯ ರಿಪೇರಿಯೋ, ಸಿಗದ ದುಡ್ಡಿಗೆ ಖರ್ಚಿನ ದಾರಿಯೂ ಗೊತ್ತಾಗಿದೆ. ನಾಲ್ಕನೆಯದು ಕ್ರೋಧ. ಬೇಕಾದದ್ದಕ್ಕೆ ಅಡ್ಡ ಬಂದವರು ಬೇಕು, ಅಣ್ಣ ಸಿಕ್ಕಿದ. ಅಡ್ಡಿಯಾದ ಬಯಕೆಯೇ ಕೋಪವಾಗುತ್ತದೆ ಎಂದು ವ್ಯಾಖ್ಯಾನಕಾರರು ಹೇಳುವುದು ಇದನ್ನೇ.

ಮೊದಲ ನಾಲ್ಕು 62ರಲ್ಲಿ ಮುಗಿದವು. ಇಲ್ಲಿಯವರೆಗೆ ಹೊರಗಿನವರಿಗೆ ಏನೂ ಕಾಣದಿರಬಹುದು. 63ರಲ್ಲಿ ಕೆಡುವುದು ಅವನ ತಿಳಿವಳಿಕೆ.

ಐದನೆಯದು ಸಮ್ಮೋಹ. ಯಾವುದು ಮಾಡಬೇಕಾದ್ದು, ಯಾವುದು ಮಾಡಬಾರದ್ದು ಅನ್ನುವುದು ಕಲಸಿಹೋಗುತ್ತದೆ. ಕೋಪದಲ್ಲಿ ಮೋಹಗೊಂಡವನು ಗುರುವನ್ನೂ ಬೈಯುತ್ತಾನೆ ಎಂದು ಶಂಕರರು ಇಲ್ಲಿ ಉದಾಹರಣೆ ಕೊಡುತ್ತಾರೆ. ನಮ್ಮ ತಮ್ಮ ಊಟದ ಹೊತ್ತಿನಲ್ಲಿ, ಮಕ್ಕಳ ಎದುರಿಗೇ, ಅಣ್ಣನಿಗೆ ಏಕವಚನದಲ್ಲಿ ಅಂದುಬಿಡುತ್ತಾನೆ.

ಆರನೆಯದು ಸ್ಮೃತಿವಿಭ್ರಮ. ಇದನ್ನು 'ಮರೆವು' ಅಂತ ಓದಿ ಮುಂದೆ ಹೋಗುತ್ತಾರೆ. ಬೀಗದ ಕೈ ಎಲ್ಲಿಟ್ಟೆ ಅನ್ನುವ ಮರೆವು ಇದಲ್ಲ. ಶಾಸ್ತ್ರದಿಂದ, ಹಿರಿಯರಿಂದ ಕಲಿತು ಒಳಗೆ ಸಂಸ್ಕಾರವಾಗಿ ಉಳಿದದ್ದು, ಬೇಕಾದ ಗಳಿಗೆಯಲ್ಲಿ ನೆನಪಿಗೆ ಬರುವುದಿಲ್ಲ. ಕೊಳೆ ರೋಗ ಬಂದು ಫಸಲು ಹೋದ ವರ್ಷ ಸಾಲ ತೀರಿಸಿದ್ದು ಇದೇ ಅಣ್ಣ. ಅದು ತಮ್ಮನಿಗೆ ಗೊತ್ತಿಲ್ಲದ್ದಲ್ಲ. ಆ ಹೊತ್ತಿಗೆ ಅದು ಅವನ ಕೈಗೆ ಸಿಗಲಿಲ್ಲ.

ಏಳನೆಯದು ಬುದ್ಧಿನಾಶ. ತೂಗಿ ನೋಡುವ ಶಕ್ತಿಯೇ ಈಗ ಇಲ್ಲ. ತೂಗುವುದಕ್ಕೆ ಬೇಕಾದ ನೆನಪು ಆಗಲೇ ಹೋಗಿದೆ. ಪಾಲು ಮಾಡಿ ಅಂತ ಪಟ್ಟು ಹಿಡಿಯುತ್ತಾನೆ. ನೀರಿನ ಮೂಲ ಒಂದೇ ಇರುವ ತೋಟವನ್ನು ಸೀಳಿದರೆ ಇಬ್ಬರಿಗೂ ನಷ್ಟ ಅನ್ನುವ ಸಣ್ಣ ಲೆಕ್ಕವೂ ತಲೆಗೆ ಹೋಗುವುದಿಲ್ಲ.

ಎಂಟನೆಯದು 'ಪ್ರಣಶ್ಯತಿ', ಹಾಳಾಗುತ್ತಾನೆ. ಸಾಯುತ್ತಾನೆ ಎಂದಲ್ಲ. ಸರಿ ತಪ್ಪು ಬೇರ್ಪಡಿಸುವ ಯೋಗ್ಯತೆ ಮನಸ್ಸಿಗೆ ಇರುವ ತನಕ ಮಾತ್ರ ಮನುಷ್ಯ ಮನುಷ್ಯ, ಅದು ಹೋದ ಮೇಲೆ ಅವನು ನಷ್ಟವಾದ ಹಾಗೇ ಎಂದು ಶಂಕರರ ವಿವರಣೆ.

ಇದರಲ್ಲಿ ಎಲ್ಲಿ ತಡೆಯಬಹುದು?

ಕೋಪ ಬಂದ ಮೇಲೆ ತಡೆಯುತ್ತೇನೆ ಅಂದರೆ ತಡವಾಯಿತು, ಯಾಕೆಂದರೆ ತಡೆಯಬೇಕಾದ ವಿವೇಕವೇ ಮುಂದಿನ ಮೆಟ್ಟಿಲಲ್ಲಿ ಹೋಗುತ್ತದೆ. ಬಯಕೆ ಬಲಿತ ಮೇಲೆ ತಡೆದರೆ 59ರ ಪಾಡು, ರಸ ಉಳಿಯುತ್ತದೆ. ಸುಲಭ ಇರುವುದು ಮೊದಲ ಮೆಟ್ಟಿಲಲ್ಲಿ. ತಮ್ಮ ಎರಡನೇ ಸಲ ಧಾರಣೆ ನೋಡಲು ಮೊಬೈಲ್ ತೆಗೆದ ಗಳಿಗೆ ಇದೆಯಲ್ಲ, ಅಲ್ಲಿ. ಆಗ ಅವನಿಗೆ ಕೋಪವೂ ಇಲ್ಲ, ಆಸೆಯೂ ಇಲ್ಲ, ಬರೀ ಒಂದು ಚಾಳಿ.

ಗುರುತಿಸುವುದು ಹೇಗೆ ಅಂತ ಕೇಳುತ್ತಾರೆ. ನಾನು ಹೇಳುವುದು ಇಷ್ಟು: ಆ ಯೋಚನೆಯಿಂದ ಈಗ ಮಾಡಬೇಕಾದ ಕೆಲಸ ಏನಾದರೂ ಇದೆಯಾ ನೋಡಿ. ಮಾರುವ ಮೊದಲು ಧಾರಣೆ ನೋಡುವುದು ಕೆಲಸ. ಮಾರಿದ ಮೇಲೆ ನೋಡುತ್ತಲೇ ಇರುವುದು 'ಧ್ಯಾಯತೋ ವಿಷಯಾನ್'. ಸಾಮಾನ್ಯವಾಗಿ ಇಷ್ಟರಲ್ಲೇ ಗೊತ್ತಾಗುತ್ತದೆ. ಬಹಳ ದಿನದಿಂದ ಬೇರೂರಿದ ದುಃಖಕ್ಕೋ ಭಯಕ್ಕೋ ಇದು ಸಾಲದು.

ಹಾಗಾದರೆ ಪೇಟೆ, ಮನೆ, ಮಂಡಿ ಎಲ್ಲ ಬಿಟ್ಟು ದೂರ ಇರುವುದೇ ಒಳ್ಳೆಯದಲ್ಲವೇ?

ಮುಂದಿನ ಶ್ಲೋಕ, 64, ಇದಕ್ಕೆ ಉತ್ತರ. ಅದರಲ್ಲಿ 'ವಿಷಯಾನ್ ಇಂದ್ರಿಯೈಃ ಚರನ್' ಎಂದಿದೆ. ವಿಷಯಗಳ ನಡುವೆಯೇ ಓಡಾಡುತ್ತಾನೆ, ಇಂದ್ರಿಯಗಳಿಂದಲೇ ಓಡಾಡುತ್ತಾನೆ. ಆದರೆ ಆ ಇಂದ್ರಿಯಗಳಿಗೆ ರಾಗವೂ ಇಲ್ಲ, ದ್ವೇಷವೂ ಇಲ್ಲ. ಅವು ಅವನು ಹೇಳಿದಂತೆ ಕೇಳುತ್ತವೆ. ಅಂಥವನಿಗೆ ಪ್ರಸಾದ ಸಿಗುತ್ತದೆ.

58ರ ಆಮೆಯನ್ನು ಮಾತ್ರ ನೆನಪಿಟ್ಟುಕೊಂಡವರಿಗೆ ಇದು ಆಶ್ಚರ್ಯ. ಎರಡೂ ಬೇಕು. ಆಮೆ ಅಂಗಗಳನ್ನು ಕತ್ತರಿಸಿಕೊಳ್ಳುವುದಿಲ್ಲ, ಬೇಕಾದಾಗ ಒಳಗೆ ತೆಗೆದುಕೊಳ್ಳುತ್ತದೆ. ಒಳಗೆ ಎಳೆಯಲು ಬಂದವನಿಗೇ ಹೊರಗೆ ಚಾಚುವ ಧೈರ್ಯ ಇರುತ್ತದೆ. ಶಂಕರರು 64ರ 'ವಿಷಯ'ಕ್ಕೆ ಒಂದು ಮಿತಿ ಹಾಕುತ್ತಾರೆ: ಬಿಡಲಾಗದ ವಿಷಯಗಳು. ಉಣ್ಣಬೇಕು, ಮಾತಾಡಬೇಕು, ಮಂಡಿಗೆ ಹೋಗಬೇಕು. ಹುಡುಕಿಕೊಂಡು ಹೋಗುವುದಕ್ಕೆ ಇದು ಪರವಾನಗಿ ಅಲ್ಲ.

'ಪ್ರಸಾದ' ಎಂದರೆ ಇಲ್ಲಿ ದೇವಸ್ಥಾನದಲ್ಲಿ ಕೊಡುವುದಲ್ಲ, ಮನಸ್ಸಿನ ತಿಳಿ. 62, 63ರಲ್ಲಿ ಇಳಿದದ್ದಕ್ಕೆ ಎದುರಾಗಿ 64, 65ರಲ್ಲಿ ಹತ್ತುವ ದಾರಿ ಇದೆ. ಅದು ಚಿಕ್ಕದು. ಮನಸ್ಸು ತಿಳಿಯಾಯಿತು, ದುಃಖಗಳು ಕಳೆದವು, ಬುದ್ಧಿ ಬೇಗ ನೆಲೆ ನಿಂತಿತು. 'ಆಶು', ಬೇಗ, ಎಂಬ ಪದವನ್ನೇ ಕೃಷ್ಣ ಬಳಸುತ್ತಾನೆ.

ಸ್ಥಿತಪ್ರಜ್ಞ ಅಂದರೆ ಯಾವುದಕ್ಕೂ ಮನಸ್ಸು ಕರಗದವನಾ?

ಪತ್ರಿಕೆಗಳಲ್ಲಿ ಈ ಪದವನ್ನು ಹಾಗೆ ಬಳಸುವುದುಂಟು. ಏನಾದರೂ ಸುಮ್ಮನಿರುವ ರಾಜಕಾರಣಿಯನ್ನೂ ಸ್ಥಿತಪ್ರಜ್ಞ ಎನ್ನುತ್ತಾರೆ. ಗೀತೆಯ ಮಾತು ಹಾಗಿಲ್ಲ. 56ರಲ್ಲಿ ದುಃಖ ಬರುವುದೇ ಇಲ್ಲ ಎಂದಿಲ್ಲ, ದುಃಖಗಳಲ್ಲಿ ಮನಸ್ಸು ಉದ್ವೇಗಗೊಳ್ಳದು ಎಂದಿದೆ. ಸುಖ ಬೇಡ ಎಂದಿಲ್ಲ, ಇನ್ನೂ ಬೇಕು ಎಂಬ ಹಪಹಪಿ ಇಲ್ಲ ಎಂದಿದೆ. ಹೋದದ್ದು ರಾಗ, ಭಯ, ಕ್ರೋಧ ಈ ಮೂರು. ಕರುಣೆ ಹೋಯಿತು ಎಂದು ಎಲ್ಲೂ ಇಲ್ಲ. 12ನೇ ಅಧ್ಯಾಯದಲ್ಲಿ ಭಕ್ತನನ್ನು ವರ್ಣಿಸುವಾಗ ಸುಖದುಃಖಗಳಲ್ಲಿ ಸಮನಾಗಿರುವವನನ್ನೇ ಮೈತ್ರಿ, ಕರುಣೆ ಉಳ್ಳವನು ಎಂದು ಕೃಷ್ಣ ಕರೆಯುತ್ತಾನೆ.

70ರಲ್ಲಿ ಬಯಕೆಗಳು ಅವನೊಳಗೆ ಬರುತ್ತವೆ ಎಂದಿದೆ. 55ರಲ್ಲಿ ಬಿಟ್ಟ ಅಂದಿತ್ತಲ್ಲ?

70ರಲ್ಲಿ ಒಳಗೆ ಬರುವುದು ಕಾಮಗಳೇ, ಆದರೆ ಸಮುದ್ರಕ್ಕೆ ನೀರು ಬರುವ ಹಾಗೆ. ಎಷ್ಟು ನದಿ ಬಂದು ಸೇರಿದರೂ ಅದು ತನ್ನ ನೆಲೆಯಿಂದ ಕದಲುವುದಿಲ್ಲ. ಮಳೆಗಾಲದಲ್ಲಿ ಗಾಜನೂರು ಅಣೆಕಟ್ಟು ನೆನಪಿಸಿಕೊಳ್ಳಿ. ತುಂಗೆ ತುಂಬಿ ಬಂದರೆ ಗೇಟು ತೆಗೆಯದೆ ಗತಿಯಿಲ್ಲ. ನಮ್ಮ ಮನಸ್ಸು ಆ ಅಳತೆಯದು. ಅದೇ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಕೃಷ್ಣೆಯನ್ನು ಸೇರಿ, ಕೊನೆಗೆ ಕಡಲಿಗೆ ಹೋದಾಗ ಅಲ್ಲಿ ಮಟ್ಟ ಏರುವುದಿಲ್ಲ. ಬಯಕೆಯ ವಸ್ತುಗಳು ಎದುರಿಗೆ ಬಂದರೂ ಅವನು ಅವುಗಳಿಂದ ತುಂಬಬೇಕಾಗಿಲ್ಲ, ಮೊದಲೇ ತುಂಬಿದ್ದಾನೆ. 55ರ 'ತನ್ನಲ್ಲೇ ತೃಪ್ತ' ಎಂಬುದೂ ಇದೇ. ಶಾಂತಿ ಅವನಿಗೆ, 'ಕಾಮಕಾಮಿ'ಗೆ ಅಲ್ಲ, ಅಂದರೆ ಬಯಕೆಯ ವಸ್ತುಗಳನ್ನು ಬಯಸುತ್ತಲೇ ಇರುವವನಿಗೆ ಅಲ್ಲ.

ಇದು ಸನ್ಯಾಸಿಗಳಿಗೆ ಮಾತ್ರವೇ?

ಶಂಕರರು ಇಲ್ಲಿ ಮುಖ್ಯವಾಗಿ ಸನ್ಯಾಸಿಯನ್ನು ನೋಡುತ್ತಾರೆ. ಆದರೆ ಕೃಷ್ಣ ಮಾತಾಡುತ್ತಿರುವುದು ರಥದಲ್ಲಿ ಕೂತ ಗೃಹಸ್ಥನ ಹತ್ತಿರ. ಮುಂದಿನ ಅಧ್ಯಾಯದಲ್ಲಿ ಉದಾಹರಣೆಗೆ ತೆಗೆದುಕೊಳ್ಳುವುದು ಜನಕ ರಾಜನನ್ನು. ಮನೆ ನಡೆಸುವವರು ಹಿಂದೆ ಸರಿಯಬೇಕಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

19 ಶ್ಲೋಕವೂ ಬಾಯಿಪಾಠ ಮಾಡಲು ಆಗದವರು ಎಲ್ಲಿಂದ ಶುರು ಮಾಡಬೇಕು?

62ರಿಂದ 65ರವರೆಗೆ ಮೊದಲು ಮಾಡಿ. ಬೀಳುವ ದಾರಿ, ಏಳುವ ದಾರಿ ಎರಡೂ ಈ ನಾಲ್ಕರಲ್ಲಿವೆ. ಆಮೇಲೆ 59. ಅನಂತರ 57, 58, 61, 68 ಇವನ್ನು ಒಟ್ಟಿಗೆ ತೆಗೆದುಕೊಳ್ಳಿ. ನಾಲ್ಕೂ 'ತಸ್ಯ ಪ್ರಜ್ಞಾ ಪ್ರತಿಷ್ಠಿತಾ' ಎಂದೇ ಮುಗಿಯುವುದರಿಂದ ಹೇಳುವಾಗ ಒಂದರಿಂದ ಇನ್ನೊಂದಕ್ಕೆ ಜಾರಿಬಿಡುತ್ತೇವೆ. 58 ಮತ್ತು 68ರಲ್ಲಿ ಕೊನೆಯ ಸಾಲು ಪೂರ್ತಿ ಒಂದೇ ಆದ್ದರಿಂದ ಅಲ್ಲಿ ಎಡವುವುದು ಜಾಸ್ತಿ. ಆಮೆ ಬಂದರೆ 58, 'ಮಹಾಬಾಹೋ' ಬಂದರೆ 68 ಅಂತ ಗುರುತಿಟ್ಟುಕೊಳ್ಳಿ. 70ಕ್ಕೆ ಬಂದಾಗ ಧಾಟಿ ಬದಲಾಗುತ್ತದೆ. ಉಳಿದವು ಪಾದಕ್ಕೆ 8 ಅಕ್ಷರದ ಅನುಷ್ಟುಪ್, ಅದೊಂದು 11 ಅಕ್ಷರದ ತ್ರಿಷ್ಟುಪ್. ಅದೇ ರಾಗದಲ್ಲಿ ಹೇಳಿಕೊಂಡು ಹೋದರೆ ಉಸಿರು ಸಾಲುವುದಿಲ್ಲ. 'ಆಪೂರ್ಯಮಾಣಮಚಲಪ್ರತಿಷ್ಠಂ' ಎಂದು ಒಂದೊಂದೇ ಪಾದ ನಿಲ್ಲಿಸಿ ಹೇಳಿ.